ಜಿ29 ವೀಲ್‌ಗೆ: ಮೊದಲು ಯಾವ ಅಸಿಸ್ಟ್ ತೆಗೀಬೇಕು

"ರೇಸಿಂಗ್ ಗೇಮ್‌ಗೆ ತಗೊಂಡ ವೀಲ್ ಹೊಸದು, ಜಿ29. ಮೊಂಜಾ ಟ್ರ್ಯಾಕಲ್ಲಿ ಜಿಟಿ3 ರೇಸ್ ಕಾರು ಓಡಿಸ್ತೇನೆ, ಒಂದು ಲ್ಯಾಪ್ ಇದ್ದಂಗೆ ಇನ್ನೊಂದಿಲ್ಲ. ಯಾವ ಅಸಿಸ್ಟ್ ಮೊದಲು ಆಫ್ ಮಾಡ್ಲಿ? ಮಣಿಪಾಲದಲ್ಲಿ ಹೇಳಿಕೊಡುವವರು ಯಾರೂ ಇಲ್ಲ."

ಮೊದಲು ಸ್ಟೆಬಿಲಿಟಿ ಕಂಟ್ರೋಲ್ ತೆಗೀರಿ. ಕಾರು ಜಾರುವಾಗ ಅದೇ ಬ್ರೇಕ್ ಹಿಡಿದು ಸರಿ ಮಾಡ್ತದೆ, ನಿಮ್ಮ ಕೈ ಏನೂ ಕಲಿಯುವುದಿಲ್ಲ. ಎಬಿಎಸ್, ಟ್ರಾಕ್ಷನ್ ಕಂಟ್ರೋಲ್ ಇರಲಿ ಮಾರಾಯ್ರೆ, ನಿಜವಾದ ಜಿಟಿ3 ಕಾರಲ್ಲೂ ಅವು ಇವೆ.

ಆಮೇಲೆ ಸ್ಟೀರಿಂಗ್. ಡೆಡ್‌ಜೋನ್ ಸೊನ್ನೆ, ಲಿನಿಯಾರಿಟಿ 1, ರೊಟೇಶನ್ 900 ಡಿಗ್ರಿ. ಇನ್ನು ಫೋರ್ಸ್ ಫೀಡ್‌ಬ್ಯಾಕ್ ಗೇನ್, ಅಂದರೆ ವೀಲ್ ಕೈಗೆ ಎಷ್ಟು ಬಲ ಕೊಡಬೇಕು ಅನ್ನೋದು, ಹೆಚ್ಚಿನವರು ಎಡವುವುದು ಇಲ್ಲೇ. ಕೊನೆಯ ಉದ್ದ ತಿರುವು ಪ್ಯಾರಾಬೊಲಿಕಾದಲ್ಲಿ ಬೇಕಂತಲೇ ಸ್ವಲ್ಪ ಜಾಸ್ತಿ ತಿರುಗಿಸಿ. ಮುಂದಿನ ಟೈರ್ ಹಿಡಿತ ಬಿಟ್ಟಾಗ ವೀಲ್ ಹಗುರ ಆಗಬೇಕು. ಒಂದೇ ಸಮ ಬಿಗಿಯಾಗಿದ್ದರೆ ಮೋಟಾರ್ ಮಿತಿ ಮುಟ್ಟಿದೆ, ಅದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಗೇನ್ ಐದೈದೇ ಇಳಿಸಿ, ಆ ಹಗುರ ಕೈಗೆ ಸಿಗುವವರೆಗೆ.

ಟ್ರ್ಯಾಕ್ ಮೇಲೆ ಗೇಮ್ ತೋರಿಸುವ ರೇಸಿಂಗ್ ಲೈನ್ ಕೊನೆಗೆ ತೆಗೀರಿ. ಮೊದಲ ಚಿಕೇನ್‌ಗೆ ಟ್ರ್ಯಾಕ್ ಪಕ್ಕದಲ್ಲಿ ದೂರ ತೋರಿಸುವ ಬೋರ್ಡ್ ನೋಡಿ, ಪ್ರತಿ ಲ್ಯಾಪ್ ಅದೇ ಬೋರ್ಡಿಗೆ ಬ್ರೇಕ್ ಒತ್ತಿ. ತಿರುವಿಗೆ ಮುಂಚೆಯೇ ವೇಗ ಸತ್ತರೆ ಮುಂದಿನ ಲ್ಯಾಪಲ್ಲಿ ಸ್ವಲ್ಪ ತಡ ಮಾಡಿ. ಒಳಗಿನ ಕರ್ಬ್ ತಪ್ಪಿದರೆ ಸ್ವಲ್ಪ ಬೇಗ ಒತ್ತಿ.