ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿದ್ದರೂ ಆರಂಭಿಕ ಶಿಲ್ಕು ತಪ್ಪಿರುವುದು ಹೇಗೆ?

ಪ್ರಶ್ನೆ: "ಹೊಸ ವರ್ಷದ ಪುಸ್ತಕಕ್ಕೆ ಓಪನಿಂಗ್ ಬ್ಯಾಲೆನ್ಸ್‌ಗಳು ತಪ್ಪಾಗಿ ಬಂದಿದ್ದವು, ಸರಿಮಾಡಿದ್ದೇನೆ ಎಂದು ನಮ್ಮ ಅಕೌಂಟೆಂಟ್ ಹೇಳುತ್ತಿದ್ದಾರೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿಯೇ ಇತ್ತು. ಹಾಗಿದ್ದೂ ತಪ್ಪು ಸಿಕ್ಕಿದ್ದು ಹೇಗೆ? ನನ್ನ ಬಂಡವಾಳ ಯಾಕೆ ಕಡಿಮೆಯಾಯಿತು?"

ನಿಮ್ಮ ಪುಸ್ತಕಗಳನ್ನು ನಾನು ನೋಡಿಲ್ಲ. ಆದರೆ ನಾನು ಲೆಕ್ಕ ಬರೆಯುವ ಒಂದು ವ್ಯಾಪಾರದಲ್ಲಿ ಇಂಥದ್ದೇ ತಪ್ಪನ್ನು ಸರಿಪಡಿಸಿ, ಅಲ್ಲಿನ ಮಾಲೀಕರಿಗೆ ಒಂದು ಟಿಪ್ಪಣಿ ಬರೆದುಕೊಟ್ಟಿದ್ದೆ. ಅವರೂ ಮೊದಲು ಕೇಳಿದ್ದು ಬಂಡವಾಳದ ಬಗ್ಗೆಯೇ ಆದ್ದರಿಂದ, ಆ ಟಿಪ್ಪಣಿಯಲ್ಲಿದ್ದ ವಿಷಯವನ್ನೇ ನಿಮಗೂ ವಿವರಿಸುತ್ತೇನೆ.

ತಪ್ಪು ಮೊದಲು ಕಾಣಿಸಿದ್ದು ಒಬ್ಬ ಗ್ರಾಹಕರ ಖಾತೆಯಲ್ಲಿ. ಮೊದಲ ತಿಂಗಳ ಕೊನೆಗೆ ಅವರಿಂದ 2,14,000 ಬರಬೇಕೆಂದು ನಮ್ಮ ಪುಸ್ತಕ ಹೇಳುತ್ತಿತ್ತು, ಅವರು ಕಳುಹಿಸಿದ ಪಟ್ಟಿಯಲ್ಲಿ 1,77,500 ಇತ್ತು. ಎರಡನೆಯ ತಿಂಗಳ ಕೊನೆಗೆ ನಮ್ಮಲ್ಲಿ 1,68,200, ಅವರಲ್ಲಿ 1,31,700. ಬಾಕಿ ಏರಿಳಿದರೂ ವ್ಯತ್ಯಾಸ ಮಾತ್ರ ಎರಡೂ ಸಲ 36,500ಕ್ಕೇ ನಿಂತಿತ್ತು. ಯಾವುದೋ ಬಿಲ್ಲು ಅಥವಾ ಪಾವತಿ ನಡುವೆ ಬಿಟ್ಟುಹೋಗಿದ್ದರೆ, ಅದು ಬಿಟ್ಟುಹೋದ ದಿನದಿಂದಾಚೆಗೆ ಮಾತ್ರ ವ್ಯತ್ಯಾಸ ಕಾಣಬೇಕು. ಹಿಂದೆ ಹಿಂದೆ ಹೋಗುತ್ತ ವರ್ಷದ ಮೊದಲ ದಿನ ಮುಟ್ಟಿದರೂ ಅದೇ ಮೊತ್ತ ಹಾಗೇ ಇದೆಯೆಂದರೆ, ತಪ್ಪು ಈ ವರ್ಷದ ವ್ಯವಹಾರದಲ್ಲಿಲ್ಲ, ಹಿಂದಿನಿಂದ ಬಂದ ಶಿಲ್ಕಿನಲ್ಲಿಯೇ ಇದೆ ಎಂದರ್ಥ.

ಅಲ್ಲಿಂದ ಮುಂದಿನ ಕೆಲಸ ಸರಳವಾಗಿತ್ತು, ತಾಳ್ಮೆ ಮಾತ್ರ ಬೇಕಿತ್ತು. ಹಿಂದಿನ ವರ್ಷದ ಸಹಿಯಾದ ಬ್ಯಾಲೆನ್ಸ್ ಶೀಟನ್ನೂ ಅದರ ಜೊತೆಗಿದ್ದ ಪಟ್ಟಿಗಳನ್ನೂ ಒಂದು ಬದಿಗಿಟ್ಟು, ಹೊಸ ಪುಸ್ತಕದ ಆರಂಭಿಕ ಶಿಲ್ಕುಗಳನ್ನು ಇನ್ನೊಂದು ಬದಿಗಿಟ್ಟು, ಒಂದೊಂದು ಖಾತೆಯನ್ನೂ ಎದುರುಬದುರಾಗಿ ನೋಡಿದೆ. ಹೋಲಿಸಬೇಕಾದದ್ದು ಸಹಿಯಾದ ಲೆಕ್ಕದೊಂದಿಗೆ. ಕಂಪ್ಯೂಟರಿನಲ್ಲಿರುವ ಹಳೆಯ ಪುಸ್ತಕವನ್ನು ಆಮೇಲೆ ಯಾರಾದರೂ ತಿದ್ದಿರಬಹುದಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ.

ಆ ಗ್ರಾಹಕರ ಬಾಕಿ 36,500 ಹೆಚ್ಚಾಗಿತ್ತು, ಯಂತ್ರಗಳ ಮೌಲ್ಯ 84,000 ಹೆಚ್ಚಾಗಿತ್ತು, ಕೊಡಬೇಕಾದ ಖರ್ಚುಗಳ ಖಾತೆಯಲ್ಲಿ 12,000 ಕಡಿಮೆಯಿತ್ತು, ಬಂಡವಾಳ 1,32,500 ಹೆಚ್ಚಾಗಿತ್ತು. ಆಸ್ತಿಯಿಂದ ಸಾಲ ಕಳೆದು ಉಳಿಯುವುದೇ ಬಂಡವಾಳವಾದ್ದರಿಂದ, ಮೊದಲ ಮೂರನ್ನು ಕೂಡಿದರೆ ನಾಲ್ಕನೆಯದು ಬರುತ್ತದೆ. ಕಾರಣವೂ ಅಲ್ಲಿಯೇ ಇತ್ತು. ಹಳೆಯ ವರ್ಷದ ಶಿಲ್ಕುಗಳನ್ನು ಹೊಸ ಪುಸ್ತಕಕ್ಕೆ ಎತ್ತಿ ಬರೆದದ್ದು ಆಡಿಟ್ ಮುಗಿಯುವ ಮೊದಲು. ಯಂತ್ರಗಳ ಸವಕಳಿ, ವಾಪಸು ಬಂದ ಸರಕಿಗೆ ಆ ಗ್ರಾಹಕರಿಗೆ ಕೊಟ್ಟ ಕ್ರೆಡಿಟ್ ನೋಟ್, ಕೊನೆಯ ತಿಂಗಳ ಒಂದು ದುರಸ್ತಿಯ ಬಿಲ್ಲು, ಈ ಮೂರನ್ನು ಆಡಿಟರ್ ಹೇಳಿದ ಮೇಲೆ ಹಳೆಯ ವರ್ಷಕ್ಕೆ ಬರೆಯಲಾಯಿತು. ಹೊಸ ಪುಸ್ತಕದ ಆರಂಭಿಕ ಶಿಲ್ಕುಗಳನ್ನು ಮಾತ್ರ ಯಾರೂ ಮತ್ತೆ ಮುಟ್ಟಲಿಲ್ಲ.

ಟ್ರಯಲ್ ಬ್ಯಾಲೆನ್ಸ್ ಇದನ್ನು ತೋರಿಸಲಿಲ್ಲ, ತೋರಿಸುವುದೂ ಇಲ್ಲ. ಡೆಬಿಟ್ ಮೊತ್ತವೂ ಕ್ರೆಡಿಟ್ ಮೊತ್ತವೂ ಸಮವಾಗಿವೆ ಎಂಬುದಷ್ಟೇ ಅದರ ಸಾಕ್ಷಿ. ಬಿಟ್ಟುಹೋದ ಮೂರು ಎಂಟ್ರಿಗಳಲ್ಲಿ ಪ್ರತಿಯೊಂದಕ್ಕೂ ಎರಡೂ ಬದಿ ಸಮವಾಗಿದ್ದುದರಿಂದ, ಅವು ಇದ್ದರೂ ತಾಳೆಯಾಗುತ್ತಿತ್ತು, ಇಲ್ಲದಿದ್ದರೂ ತಾಳೆಯಾಯಿತು.

ಇನ್ನೊಂದು ತಪ್ಪಿನ ಬಗೆ ಬೇರೆ. ಆರಂಭಿಕ ಶಿಲ್ಕುಗಳಲ್ಲಿ 36,000ದ ಒಂದು ಸಸ್ಪೆನ್ಸ್ ಖಾತೆ ಕ್ರೆಡಿಟ್ ಬದಿಯಲ್ಲಿ ಕುಳಿತಿತ್ತು, ಸಹಿಯಾದ ಬ್ಯಾಲೆನ್ಸ್ ಶೀಟಿನಲ್ಲಿ ಅಂಥ ಖಾತೆಯೇ ಇರಲಿಲ್ಲ. ಎರಡು ಬದಿ ಕೂಡದಿದ್ದಾಗ ಯಾರೋ ವ್ಯತ್ಯಾಸವನ್ನು ಅಲ್ಲಿಗೆ ತಳ್ಳಿದ್ದರು. ಟ್ಯಾಲಿಯಲ್ಲಾದರೆ `Difference in opening balances` ಎಂಬ ಸಾಲೇ ಬಂದು ಎಚ್ಚರಿಸುತ್ತದೆ. ಆ ಸಾಲನ್ನು ಹೋಗಲಾಡಿಸಲೆಂದೇ ಸಸ್ಪೆನ್ಸ್ ಖಾತೆ ತೆರೆಯುವುದು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅತ್ಯಂತ ಕೆಟ್ಟ ಕೆಲಸ, ಏಕೆಂದರೆ ತಪ್ಪನ್ನು ಹೇಳುತ್ತಿದ್ದ ಒಂದೇ ಬಾಯಿಯನ್ನೂ ಅದು ಮುಚ್ಚಿಸುತ್ತದೆ. ಇಂಥ ಮೊತ್ತ ಸಿಕ್ಕಾಗ ನಾನು ಮೊದಲು ಅದರ ಅರ್ಧವನ್ನು ಹುಡುಕುತ್ತೇನೆ. ಒಂದು ಬದಿಯ ಶಿಲ್ಕನ್ನು ಇನ್ನೊಂದು ಬದಿಗೆ ಬರೆದರೆ ವ್ಯತ್ಯಾಸ ಅದರ ಎರಡರಷ್ಟು ಬರುತ್ತದೆ. 18,000ದ ಖಾತೆ ಸಿಕ್ಕಿತು. ಒಬ್ಬ ಗ್ರಾಹಕರು ಕೊಟ್ಟಿದ್ದ ಮುಂಗಡ ಅದು. ಕ್ರೆಡಿಟ್ ಬದಿಯಲ್ಲಿ ಇರಬೇಕಾದದ್ದು, ಗ್ರಾಹಕರ ಖಾತೆಯೆಂಬ ಕಾರಣಕ್ಕೆ ಅವರಿಂದಲೇ ಬರಬೇಕಾದ ಬಾಕಿಯಂತೆ ಡೆಬಿಟ್ ಬದಿಗೆ ಹೋಗಿತ್ತು. ಗಮನಕ್ಕೆ ಬರದಿದ್ದರೆ ನಮಗೆ ಹಣ ಕೊಟ್ಟವರಿಗೇ ಬಾಕಿ ಕೇಳಿ ಪತ್ರ ಹೋಗುತ್ತಿತ್ತು.

ಸರಿಪಡಿಸುವಾಗ ಎಲ್ಲರಿಗೂ ಮೊದಲು ತೋಚುವ ದಾರಿಯೆಂದರೆ ಈ ವರ್ಷದ ದಿನಾಂಕ ಹಾಕಿ ಒಂದು ಜರ್ನಲ್ ಎಂಟ್ರಿ ಬರೆದುಬಿಡುವುದು. ಅದು ತಪ್ಪು. 84,000 ಸವಕಳಿ ಹಿಂದಿನ ವರ್ಷದ ಲಾಭದಿಂದ ಆಗಲೇ ಕಳೆದುಹೋಗಿದೆ. ಅದನ್ನೇ ಈ ವರ್ಷದ ಸವಕಳಿಯೆಂದು ಬರೆದರೆ ಒಂದೇ ಖರ್ಚು ಎರಡು ವರ್ಷಗಳ ಲಾಭವನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಆರಂಭಿಕ ಶಿಲ್ಕುಗಳನ್ನೇ ಸಹಿಯಾದ ಲೆಕ್ಕಕ್ಕೆ ಸರಿಯಾಗಿ ತಿದ್ದಿದೆ, ಮುಂಗಡವನ್ನು ಕ್ರೆಡಿಟ್ ಬದಿಗೆ ತಂದೆ, ಸಸ್ಪೆನ್ಸ್ ಖಾತೆಯ ಶಿಲ್ಕನ್ನು ಸೊನ್ನೆ ಮಾಡಿದೆ. ಬಂಡವಾಳ 1,32,500 ಇಳಿದದ್ದು ಈ ಹಂತದಲ್ಲಿ. ಅಷ್ಟು ಹಣ ಎಲ್ಲಿಯೂ ಹೋಗಲಿಲ್ಲ. ಮಾಲೀಕರು ತಾವೇ ಸಹಿ ಮಾಡಿದ ಬ್ಯಾಲೆನ್ಸ್ ಶೀಟಿನಲ್ಲಿ ಆ ಇಳಿಕೆ ಆಗಲೇ ಇತ್ತು, ಹೊಸ ಪುಸ್ತಕ ಅದನ್ನು ತಡವಾಗಿ ಒಪ್ಪಿಕೊಂಡಿತು.

ಆದರೆ ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ತಪ್ಪು ಶಿಲ್ಕನ್ನು ನಂಬಿ ಈ ವರ್ಷದಲ್ಲಿ ಏನೇನು ಬರೆದಿದ್ದೇವೆ ಎಂಬುದನ್ನೂ ನೋಡಬೇಕು, ಬಹಳ ಮಂದಿ ಇದನ್ನು ಬಿಡುತ್ತಾರೆ. ಆ ದುರಸ್ತಿಯ 12,000 ಬಿಲ್ಲನ್ನು ಹೊಸ ವರ್ಷದ ಮೊದಲ ತಿಂಗಳಲ್ಲಿ ಪಾವತಿಸಿದ್ದರು. ಕೊಡಬೇಕಾದ ಖರ್ಚಿನ ಖಾತೆಯಲ್ಲಿ ಏನೂ ಇಲ್ಲದ್ದರಿಂದ ಅದನ್ನು ಈ ವರ್ಷದ ದುರಸ್ತಿ ಖರ್ಚೆಂದು ಬರೆದಿದ್ದರು. ಆರಂಭಿಕ ಶಿಲ್ಕು ಸರಿಯಾದ ಮೇಲೆ ಆ ಪಾವತಿಯನ್ನು ಕೊಡಬೇಕಾದ ಖರ್ಚಿನ ಖಾತೆಗೆ ಬದಲಾಯಿಸದಿದ್ದರೆ, ಕೊಟ್ಟು ತೀರಿಸಿದ 12,000 ಇನ್ನೂ ಸಾಲವಾಗಿಯೇ ಉಳಿಯುತ್ತದೆ. ಹಾಗೆಯೇ ಈ ವರ್ಷದ ಸವಕಳಿಯನ್ನು ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ಶೇಕಡಾ 10ರಂತೆ ತಿಂಗಳು ತಿಂಗಳು ಬರೆಯುತ್ತಿದ್ದೆವು. ಮೌಲ್ಯ 84,000 ಹೆಚ್ಚಿದ್ದುದರಿಂದ ತಿಂಗಳಿಗೆ 700ರಂತೆ ನಾಲ್ಕು ತಿಂಗಳಲ್ಲಿ 2,800 ಹೆಚ್ಚಾಗಿ ಖರ್ಚು ಬಿದ್ದಿತ್ತು. ಇದು ಈ ವರ್ಷದ್ದೇ ತಪ್ಪಾದ್ದರಿಂದ ಈ ವರ್ಷದ ಎಂಟ್ರಿಯಿಂದಲೇ ವಾಪಸು ಮಾಡಿದೆ. ಒಟ್ಟಿನಲ್ಲಿ ಈ ವರ್ಷದ ಲಾಭ 14,800 ಹೆಚ್ಚಾಯಿತು.

ಮೇಲೆ ಹೇಳಿದ್ದೆಲ್ಲ ಸಹಿಯಾದ ಲೆಕ್ಕ ಸರಿಯಿದ್ದು, ಶಿಲ್ಕು ಎತ್ತಿ ಬರೆಯುವಾಗ ತಪ್ಪಾಗಿದ್ದರೆ ಮಾತ್ರ ಸಲ್ಲುತ್ತದೆ. ಸಹಿಯಾದ ಲೆಕ್ಕವೇ ತಪ್ಪಿದ್ದರೆ ಆರಂಭಿಕ ಶಿಲ್ಕನ್ನು ಸುಮ್ಮನೆ ತಿದ್ದುವಂತಿಲ್ಲ. ಅದು ಹಿಂದಿನ ಅವಧಿಯ ತಪ್ಪಾಗುತ್ತದೆ, ಅದನ್ನು ಆಡಿಟರ್ ಮುಂದಿಟ್ಟು, ಲೆಕ್ಕದಲ್ಲಿ ಎದ್ದು ಕಾಣುವಂತೆ ಸರಿಪಡಿಸಬೇಕು.

ನಿಮ್ಮ ಅಕೌಂಟೆಂಟರಿಂದ ಒಂದು ಹಾಳೆಯನ್ನು ಕೇಳಿ ಪಡೆಯಿರಿ. ಪ್ರತಿ ಖಾತೆಯ ಎದುರು ಸಹಿಯಾದ ಲೆಕ್ಕದ ಅಂತಿಮ ಶಿಲ್ಕು, ತಿದ್ದುವ ಮೊದಲಿನ ಆರಂಭಿಕ ಶಿಲ್ಕು, ತಿದ್ದಿದ ಮೇಲಿನ ಆರಂಭಿಕ ಶಿಲ್ಕು ಎಂದು ಮೂರು ಅಂಕಣಗಳಿರಲಿ. ಗ್ರಾಹಕರ ಬಾಕಿಯನ್ನು ಒಟ್ಟು ಮೊತ್ತವಾಗಿ ಒಪ್ಪಿಕೊಳ್ಳಬೇಡಿ, ಒಬ್ಬೊಬ್ಬರ ಹೆಸರಿನ ಎದುರೂ ನೋಡಿ. ಮೊದಲ ಅಂಕಣವೂ ಮೂರನೆಯದೂ ಪ್ರತಿ ಸಾಲಿನಲ್ಲಿ ಒಂದೇ ಆಗಿದ್ದರೆ, ಮತ್ತು ಎರಡನೆಯದರಲ್ಲಿ ಬೇರೆಯಾಗಿರುವ ಪ್ರತಿ ಸಾಲಿಗೂ ಪಕ್ಕದಲ್ಲಿ ಕಾರಣ ಬರೆದಿದ್ದರೆ, ಅವರು ಆರಂಭಿಕ ಶಿಲ್ಕುಗಳನ್ನು ತಿದ್ದಿದ್ದು ಸರಿಯಿದೆ. ಆಮೇಲೆ ಹಳೆಯ ವರ್ಷದ ಪುಸ್ತಕಕ್ಕೆ ಬೀಗ ಹಾಕಿಸಿ, ಇನ್ನಾರೂ ಅದರಲ್ಲಿ ಎಂಟ್ರಿ ಬರೆಯದಂತೆ ಮಾಡಲು ಹೇಳಿ.