ಫ್ಲಶ್ ಟ್ಯಾಂಕ್ ತಾನಾಗಿ ತುಂಬುತ್ತಿದ್ದರೆ ಮೊದಲು ಆಂಗಲ್ ವಾಲ್ವ್ ಮುಚ್ಚಿ

ಪ್ರಶ್ನೆ: ಯಾರೂ ಬಳಸದಿದ್ದರೂ ಹತ್ತು ನಿಮಿಷಕ್ಕೊಮ್ಮೆ ಕಮೋಡಿನ ಟ್ಯಾಂಕ್‌ಗೆ ನೀರು ತುಂಬುವ ಸದ್ದು ಬರುತ್ತದೆ. ಪ್ಲಂಬರ್ ಎರಡು ಸಲ ಬಾಲ್ ಕಾಕ್ ಬದಲಿಸಿದರೂ ನಿಂತಿಲ್ಲ. ಏನು ಮಾಡಲಿ?

ನಿಮ್ಮ ಬಾಲ್ ಕಾಕ್ ಬಹುಶಃ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ಪರೀಕ್ಷೆಯನ್ನೇ ಮಾಡದೆ ಬಿಡಿಭಾಗ ಬದಲಿಸುವವರ ಮೇಲೆ ಸಿಟ್ಟು ಬರುತ್ತದೆ. ಬಾಲ್ ಕಾಕ್ ಕೆಟ್ಟರೆ ನೀರು ನಿಲ್ಲದೆ ಹರಿದು ಓವರ್‌ಫ್ಲೋ ಪೈಪಿನ ಬಾಯಿಗೆ ಬೀಳುತ್ತಿರುತ್ತದೆ. ನಿಂತು ನಿಂತು ತುಂಬುತ್ತಿದೆ ಎಂದರೆ ಟ್ಯಾಂಕಿನ ನೀರು ತಳದಿಂದ ಸೋರುತ್ತಿದೆ, ಮಟ್ಟ ಇಳಿದಾಗ ಬಾಲ್ ಕಾಕ್ ತನ್ನ ಕೆಲಸವನ್ನು ಮಾಡುತ್ತಿದೆ ಎಂದೇ ತಿಳಿಯಬೇಕು.

ಖಚಿತಪಡಿಸಿಕೊಳ್ಳಲು ಪೆನ್ಸಿಲ್ ಒಂದು ಸಾಕು. ಟ್ಯಾಂಕ್ ಪೂರ್ತಿ ತುಂಬಿದ ಮೇಲೆ ಗೋಡೆಯ ಆಂಗಲ್ ವಾಲ್ವ್ ಮುಚ್ಚಿ, ಒಳಗೆ ನೀರಿನ ಮಟ್ಟಕ್ಕೆ ಗೆರೆ ಎಳೆದು ಇಪ್ಪತ್ತು ನಿಮಿಷ ಬಿಡಿ. ಮಟ್ಟ ಹಾಗೆಯೇ ನಿಂತರೆ ದೋಷ ಬಾಲ್ ಕಾಕಿನದು. ಕೆಳಗಿಳಿಯುತ್ತಲೇ ಹೋದರೆ ಫ್ಲಶ್ ವಾಲ್ವಿನ ಅಡಿಯ ವಾಷರ್ ಸೋರುತ್ತಿದೆ. ಸ್ವಲ್ಪ ಇಳಿದು ನಡುವೆ ಎಲ್ಲೋ ನಿಂತರೆ, ನಿಂತ ಎತ್ತರದಲ್ಲಿ ಓವರ್‌ಫ್ಲೋ ಪೈಪ್ ಬಿರುಕು ಬಿಟ್ಟಿದೆಯೇ ನೋಡಿ.

ಬೋರ್‌ವೆಲ್ ನೀರು ಬಳಸುವ ಬೆಂಗಳೂರಿನ ಒಂದು ಮನೆಯಲ್ಲಿ ನಾನು ಹೀಗೆ ಗೆರೆ ಎಳೆದಾಗ ಇಪ್ಪತ್ತು ನಿಮಿಷದಲ್ಲಿ ಮಟ್ಟ 4 ಸೆಂ.ಮೀ. ಇಳಿದಿತ್ತು. ಟ್ಯಾಂಕಿನ ಒಳ ಅಳತೆ ಸುಮಾರು 35 ಮತ್ತು 14 ಸೆಂ.ಮೀ. ಇದ್ದುದರಿಂದ ಸೋರಿದ್ದು ಹೆಚ್ಚುಕಡಿಮೆ ಎರಡು ಲೀಟರ್. ಗಂಟೆಗೆ ಆರು ಲೀಟರಿನ ಲೆಕ್ಕ ಹಿಡಿದರೂ ದಿನಕ್ಕೆ 140 ಲೀಟರ್ ಆಯಿತು. ನಗರದಲ್ಲಿ ಒಬ್ಬರ ಇಡೀ ದಿನದ ಬಳಕೆಗೆ ಎಂದು ಲೆಕ್ಕ ಹಾಕುವುದೇ 135 ಲೀಟರ್. ಅಷ್ಟು ನೀರು ಕಮೋಡಿನ ಒಳಗೆ ಹಿಂಬದಿಯಲ್ಲಿ ಕಣ್ಣಿಗೂ ಕಾಣದಷ್ಟು ತೆಳುವಾಗಿ ಇಳಿದುಹೋಗುತ್ತಿತ್ತು. ಆ ಜಾಗವನ್ನು ಒರೆಸಿ ಒಣಗಿದ ಪೇಪರ್ ಅಂಟಿಸಿದಾಗಲಷ್ಟೇ ಅದು ಕ್ಷಣದಲ್ಲಿ ನೆನೆದು ಗುಟ್ಟು ಬಿಟ್ಟುಕೊಟ್ಟಿತು.

ವಾಲ್ವ್ ಬಿಚ್ಚುವ ಮೊದಲು ಮುಚ್ಚಳ ತೆಗೆದಿಟ್ಟು ಇನ್ನೊಮ್ಮೆ ನೋಡಿ. ಮುಚ್ಚಳ ಇಲ್ಲದಾಗ ಸೋರಿಕೆ ನಿಂತರೆ ವಾಷರ್ ಕೆಟ್ಟಿಲ್ಲ, ಗುಂಡಿಯ ಕೆಳಗಿನ ಕಡ್ಡಿ ಉದ್ದವಾಗಿ ವಾಲ್ವನ್ನು ಸದಾ ಒತ್ತಿಕೊಂಡಿದೆ. ಕಡ್ಡಿಯನ್ನು ಗಿಡ್ಡ ಮಾಡಿದರೆ ಮುಗಿಯಿತು. ನಿಲ್ಲದಿದ್ದರೆ ಆಂಗಲ್ ವಾಲ್ವ್ ಮುಚ್ಚಿಯೇ ಇಟ್ಟು ಫ್ಲಶ್ ಮಾಡಿ ನೀರು ಖಾಲಿ ಮಾಡಿ. ಹಲವು ಮಾದರಿಗಳಲ್ಲಿ ಫ್ಲಶ್ ವಾಲ್ವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಮೇಲಕ್ಕೆ ಬರುತ್ತದೆ. ಬಾರದಿದ್ದರೆ ಬಲ ಹಾಕಬೇಡಿ, ಹಳೆಯ ಪ್ಲಾಸ್ಟಿಕ್ ಮುರಿಯುತ್ತದೆ. ಅಡಿಯಲ್ಲಿರುವ ಉಂಗುರದಂತಹ ವಾಷರ್ ಗಟ್ಟಿಯಾಗಿ, ಅಂಚಿನಲ್ಲಿ ಗೀರು ಬಿದ್ದಿರುವುದು ಕೈಗೇ ಗೊತ್ತಾಗುತ್ತದೆ.

ಇಲ್ಲಿಯೇ ಹೆಚ್ಚಿನವರು ಎಡವುವುದು: ಹೊಸ ವಾಷರ್ ಹಾಕಿ ಎದ್ದುಬಿಡುತ್ತಾರೆ. ವಾಷರ್ ಕೂರುವ ಸುತ್ತಂಚಿನ ಮೇಲೆ ಬೆರಳು ಆಡಿಸಬೇಕು. ಆ ಮನೆಯಲ್ಲಿ ನನ್ನ ಬೆರಳಿಗೆ ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿ ಸುಣ್ಣದ ಗಂಟು ಸಿಕ್ಕಿತು. ಗಡಸು ನೀರು ಬಿಟ್ಟುಹೋದ ಆ ಗಂಟು ಉಳಿದರೆ ಹೊಸ ವಾಷರ್ ಕೂಡ ಸೋರುತ್ತದೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಅದರ ಮೇಲಿಟ್ಟು ಮೆತ್ತಗೆ ಉಜ್ಜಿ ತೆಗೆಯಿರಿ. ಚಾಕು, ಮರಳುಕಾಗದ ಬೇಡವೇ ಬೇಡ, ಅವು ಮಾಡುವ ಗೀರು ಸರಿಹೋಗುವುದಿಲ್ಲ. ಹಳೆಯ ವಾಷರನ್ನು ಅಂಗಡಿಗೇ ಒಯ್ದು ಒಳಸುತ್ತು, ಹೊರಸುತ್ತು, ದಪ್ಪ ಮೂರನ್ನೂ ಹೋಲಿಸಿ ಕೊಳ್ಳಿ. ಭಾನುವಾರ ಅಂಗಡಿ ತೆರೆದಿಲ್ಲವೆಂದರೆ, ಎರಡೂ ಮುಖ ಸಮವಾಗಿರುವ ವಾಷರನ್ನು ತಿರುಗಿಸಿ ಹಾಕಿ ಒಂದೆರಡು ದಿನ ದೂಡಬಹುದು. ಜೋಡಿಸಿದ ಮೇಲೆ ಪೆನ್ಸಿಲ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡದೆ ಪ್ಲಂಬರಿಗೆ ಹಣ ಕೊಡಬೇಡಿ.

ಪ್ರಶ್ನೆ: ನಮ್ಮಲ್ಲಿ ನೀರು ನಿಲ್ಲುವುದೇ ಇಲ್ಲ, ಓವರ್‌ಫ್ಲೋ ಪೈಪಿಗೆ ಬೀಳುತ್ತಲೇ ಇರುತ್ತದೆ.

ಫ್ಲೋಟನ್ನು ಕೈಯಿಂದ ಮೇಲೆತ್ತಿ ನೋಡಿ. ನೀರು ನಿಂತರೆ, ಮಟ್ಟ ಪೈಪಿನ ಬಾಯಿಗಿಂತ ಸುಮಾರು 2.5 ಸೆಂ.ಮೀ. ಕೆಳಗಿರುವಂತೆ ಫ್ಲೋಟನ್ನು ತಗ್ಗಿಸಿ. ನಿಲ್ಲದಿದ್ದರೆ ಬಾಲ್ ಕಾಕಿನ ಒಳ ವಾಷರಿಗೆ ಸಂಪಿನ ಮರಳು ಸಿಕ್ಕಿರಬಹುದು. ತೊಳೆದು ನೋಡಿ, ಆಗಲೂ ನಿಲ್ಲದಿದ್ದರೆ ಬದಲಿಸಿ.

ಪ್ರಶ್ನೆ: ಟ್ಯಾಂಕಿನೊಳಗೆ ಆಸಿಡ್ ಹಾಕಿದರೆ ಸೋರಿಕೆ ನಿಲ್ಲುತ್ತದೆಯೇ?

ಇಲ್ಲ, ಉಳಿದ ವಾಷರ್‌ಗಳೂ ಲೋಹದ ಬೋಲ್ಟುಗಳೂ ಹಾಳಾಗುತ್ತವೆ. ಕ್ಲೋರಿನ್ ಇರುವ ಮಾತ್ರೆಗಳೂ ರಬ್ಬರಿಗೆ ಶತ್ರುವೇ.

ಪ್ರಶ್ನೆ: ನೀರು ಉಳಿಸಲು ಟ್ಯಾಂಕಿನಲ್ಲಿ ಇಟ್ಟಿಗೆ ಇಡಬಹುದೇ?

ಬೇಡ, ಇಟ್ಟಿಗೆ ಕರಗಿ ಉದುರುವ ಹರಳು ನೇರವಾಗಿ ವಾಷರಿನ ಅಡಿಗೆ ಹೋಗುತ್ತದೆ.

ಪ್ರಶ್ನೆ: ಗೋಡೆಯೊಳಗಿನ ಟ್ಯಾಂಕ್ ಸೋರುತ್ತಿದೆ, ಟೈಲ್ಸ್ ಒಡೆಯಬೇಕು ಎನ್ನುತ್ತಾರೆ.

ವಾಷರಿಗಾಗಿ ಟೈಲ್ಸ್ ಒಡೆಯಲು ಬಂದವರನ್ನು ವಾಪಸು ಕಳುಹಿಸಿ. ಗುಂಡಿಯ ಫಲಕ ಬಿಚ್ಚಿದರೆ ಆ ಕಿಂಡಿಯಿಂದಲೇ ಎರಡೂ ವಾಲ್ವ್‌ಗಳು ಹೊರಗೆ ಬರುವಂತೆ ಆ ಟ್ಯಾಂಕುಗಳನ್ನು ಮಾಡಿರುತ್ತಾರೆ.