ಸೋಪು ಬೇಡ, ಉಟ್ಟ ಸೀರೆ ಇರಲಿ

"ಮಗಳಿಗೆ ಈಗ ಇಪ್ಪತ್ತು ದಿನ. ನಾನು ಉಟ್ಟು ಬಿಟ್ಟ ಸೀರೆ ಹಾಸಿದರೆ ತೊಟ್ಟಿಲಲ್ಲಿ ಮಲಗ್ತಾಳೆ, ಒಗೆದ ಬಟ್ಟೆ ಹಾಸಿದರೆ ಅಳ್ತಾಳೆ. ಅಮ್ಮನ ವಾಸನೆ ಮಗೂಗೆ ಗೊತ್ತಾಗುತ್ತೆ ಅಂತಾರೆ ಅತ್ತೆ. ಅದೆಲ್ಲ ಭ್ರಮೆ, ಹಾಲು ಕೊಡೋ ಮುಂಚೆ ಪ್ರತಿ ಸಲ ಎದೆಗೆ ಸೋಪು ಹಾಕಿ ತೊಳಿ ಅಂತಾರೆ ಇವರು. ನನಗೋ ಮಗುವಿನ ನೆತ್ತಿ ಮೂಸಿದರೆ ಸುಸ್ತೆಲ್ಲ ಹೋಗುತ್ತೆ. ಯಾರ ಮಾತು ಸರಿ?"
– ಒಬ್ಬ ಬಾಣಂತಿ, ತಿಪಟೂರು

ನಿಮ್ಮ ಅತ್ತೆಯದು, ತಾಯಿ. ಯಜಮಾನರ ಕಾಳಜಿ ಕೆಟ್ಟದ್ದೇನಲ್ಲ. ಮಗುವನ್ನು ಮುಟ್ಟುವ ಮುಂಚೆ ಎಲ್ಲರೂ ಕೈ ತೊಳೆಯಲೇಬೇಕು. ಆದರೆ ಎದೆಗೆ ಸೋಪು ಹಾಕಿದರೆ ಮಗುವಿನ ದಾರಿಯನ್ನೇ ಅಳಿಸಿದ ಹಾಗೆ.

ಹೈಲಿ ವಾರೆಂದಿ ಮತ್ತು ಅವರ ಜೊತೆಗಾರರು 1994ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇದೆ. ಆಗಷ್ಟೇ ಹೆತ್ತ ತಾಯಂದಿರ ಒಂದು ಎದೆಯನ್ನು ತೊಳೆದರು, ಇನ್ನೊಂದನ್ನು ಹಾಗೇ ಬಿಟ್ಟರು. ಆಮೇಲೆ ಮಗುವನ್ನು ಎರಡರ ನಡುವೆ ಬೋರಲು ಮಲಗಿಸಿದರು. ಯಾರೂ ಬಾಯಿ ಹಿಡಿದು ಹಚ್ಚಲಿಲ್ಲ. 30 ಮಕ್ಕಳಲ್ಲಿ 22 ಮಕ್ಕಳು ತೊಳೆಯದ ಎದೆಯ ಕಡೆಗೇ ಹೋದವು! ಕಣ್ಣು ಇನ್ನೂ ಸರಿಯಾಗಿ ಕಾಣದ ಹೊತ್ತಿನಲ್ಲಿ ಮೂಗು ದಾರಿ ತೋರಿಸಿತು.

ಆ ವಾಸನೆ ಎಲ್ಲಿಂದ ಬರುತ್ತದೆ? ಮೊಲೆತೊಟ್ಟಿನ ಸುತ್ತ, ಕಪ್ಪಾದ ಭಾಗದಲ್ಲಿ, ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ, ನೋಡಿಕೊಳ್ಳಿ. ಅವು ಗ್ರಂಥಿಗಳು. ಅವುಗಳಿಂದ ಜಿನುಗುವ ಜಿಡ್ಡನ್ನು ಮೂಗಿನ ಹತ್ತಿರ ಹಿಡಿದರೆ ಮೂರು ದಿನದ ಮಗು ಬಾಯಿ ಚಪ್ಪರಿಸಿ ನಾಲಿಗೆ ಚಾಚುತ್ತದೆ. ಫ್ರಾನ್ಸಿನ ಸಂಶೋಧಕರು ಇದನ್ನು ನೋಡಿದ್ದಾರೆ. ಸೋಪು ಮೊದಲು ಒಯ್ಯುವುದು ಈ ಜಿಡ್ಡನ್ನೇ. ಆಮೇಲೆ ತೊಟ್ಟು ಒಣಗಿ ಬಿರುಕು ಬಿಟ್ಟರೆ ನೋವು ತಿನ್ನುವುದು ನೀವೇ. ದಿನದ ಸ್ನಾನದಲ್ಲಿ ನೀರು ಬಿದ್ದರೆ ಸಾಕು.

ನನ್ನ ಮಗಳ ಹೆರಿಗೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಒಂದು ಖಾಸಗಿ ಆಸ್ಪತ್ರೆ. ಕೂಸನ್ನು ಹುಟ್ಟಿದ ಗಳಿಗೆಯಲ್ಲೇ ಎತ್ತಿಕೊಂಡು ಹೋದರು. ಸೋಪಿನಲ್ಲಿ ಮೀಯಿಸಿ, ಘಮಘಮ ಪೌಡರ್ ಬಳಿದು, ಮೂರು ಗಂಟೆ ಬಿಟ್ಟು ತಂದರು. ಕೂಸು ಎದೆ ಹಿಡಿಯಲೊಲ್ಲದು, ಮಗಳು ಅಳುತ್ತಾಳೆ. ಕೊನೆಗೆ ಒಬ್ಬ ವಯಸ್ಸಾದ ಆಯಾ ಬಂದು, ಬಟ್ಟೆ ಬಿಚ್ಚಿ, ತಾಯಿಯ ಎದೆ ಮೇಲೆ ಬರಿಮೈಯಲ್ಲಿ ಮಲಗಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು, ಆದರೆ ಹಿಡಿಯಿತು. ಮೊದಲ ಸ್ನಾನಕ್ಕೆ 24 ಗಂಟೆ ಕಾಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೂಸಿನ ಕೈಮೇಲೆ ಇನ್ನೂ ಉಮ್ಮನೀರಿನ ವಾಸನೆ ಇರುತ್ತದೆ. ಹೊಟ್ಟೆಯೊಳಗೆ ಅದು ತಿಂಗಳುಗಟ್ಟಲೆ ಮೂಸಿದ, ನುಂಗಿದ ನೀರು ಅದು. ಆ ವಾಸನೆ ಹತ್ತಿರವಿದ್ದರೆ ತಾಯಿಯಿಂದ ದೂರವಿದ್ದ ಕೂಸೂ ಕಡಿಮೆ ಅಳುತ್ತದೆ. ಇಂಥದ್ದನ್ನು ಉಜ್ಜಿ ತೊಳೆಯುವ ಅವಸರ ಯಾಕೆ?

ಇನ್ನು ನಿಮ್ಮ ಸೀರೆ. 1975ರಲ್ಲಿ ಆಕ್ಸ್‌ಫರ್ಡಿನ ಡಾಕ್ಟರ್ ಐಡನ್ ಮ್ಯಾಕ್‌ಫರ್ಲೇನ್ ಹಾಲು ಹೀರಿದ ಎರಡು ಬಟ್ಟೆಗಳನ್ನು ಮಗುವಿನ ಕೆನ್ನೆಯ ಅಕ್ಕಪಕ್ಕ ಇಟ್ಟರು. ಒಂದು ಅದರ ತಾಯಿಯದು, ಇನ್ನೊಂದು ಬೇರೆ ತಾಯಿಯದು. ಎರಡು ದಿನದ ಮಕ್ಕಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಆರು ದಿನಕ್ಕೆ ತಮ್ಮ ತಾಯಿಯ ಬಟ್ಟೆಯ ಕಡೆಗೇ ಜಾಸ್ತಿ ತಿರುಗಿದವು. ಅಂದರೆ ಎದೆ ಯಾವುದು ಅನ್ನುವುದು ಹುಟ್ಟುತ್ತಲೇ ಗೊತ್ತು, ನನ್ನಮ್ಮ ಯಾರು ಅನ್ನುವುದು ಮಡಿಲಲ್ಲಿದ್ದು ಕಲಿಯುವ ಪಾಠ. ಇನ್ನೊಂದು ಪರೀಕ್ಷೆಯಲ್ಲಿ ಎದೆಹಾಲು ಕುಡಿಯುವ ಎರಡು ವಾರದ ಮಕ್ಕಳು ತಾಯಿಯ ಕಂಕುಳಿನ ವಾಸನೆಯನ್ನೂ ಗುರುತಿಸಿದವು, ಬಾಟಲಿ ಮಕ್ಕಳು ಗುರುತಿಸಲಿಲ್ಲ. ಬಾಟಲಿ ಕೊಡುವ ಅಮ್ಮಂದಿರು ಬೇಜಾರಾಗಬೇಡಿ. ಬರಿಮೈಗೆ ಒತ್ತಿ ಹಿಡಿದುಕೊಳ್ಳಿ, ಕೊರತೆ ಇದ್ದದ್ದು ಆ ಸ್ಪರ್ಶದ್ದು ಅಂತಲೇ ನನ್ನ ಲೆಕ್ಕ.

ನೆತ್ತಿ ಮೂಸುವುದಕ್ಕೆ ನಾಚಿಕೆ ಬೇಡ. ಕೂಸಿನ ಜೊತೆ ಒಂದು ಗಂಟೆಗಿಂತ ಜಾಸ್ತಿ ಕಳೆದ ತಾಯಂದಿರು ವಾಸನೆಯಿಂದಲೇ ತಮ್ಮ ಮಗುವನ್ನು ಗುರುತಿಸಿದ್ದು 1987ರ ಅಧ್ಯಯನದಲ್ಲಿದೆ. 2013ರಲ್ಲಿ 30 ಹೆಂಗಸರಿಗೆ ಬೇರೆಯವರ ಎರಡು ದಿನದ ಕೂಸುಗಳ ವಾಸನೆ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಹಸಿದಾಗ ಊಟ ಸಿಕ್ಕರೆ ಚುರುಕಾಗುವ ಭಾಗ, ಆಗತಾನೇ ಚೊಚ್ಚಲು ಹೆತ್ತವರಲ್ಲಿ ಹೆಚ್ಚು ಚುರುಕಾಯಿತು. ನಿಮ್ಮ ಸುಸ್ತು ಹೋಗುವುದು ಸುಮ್ನೆ ಅಲ್ಲ.

ನಮ್ಮ ಕಡೆ ಕೂಸು ನೋಡಲು ಬರುವವರೆಲ್ಲ ಪೌಡರ್ ಡಬ್ಬ, ಸೆಂಟಿನ ಲೋಷನ್ ತರುತ್ತಾರೆ. ಪೌಡರ್ ಪುಡಿ ಕೂಸಿನ ಉಸಿರಿಗೂ ಕೆಟ್ಟದ್ದು. ಎಲ್ಲಾ ಮಕ್ಕಳಿಗೂ ಅಂಗಡಿಯ ಒಂದೇ ವಾಸನೆ ಬಳಿದು, ಆಮೇಲೆ ಮಗು ಕಿರಿಕಿರಿ ಮಾಡುತ್ತೆ ಅಂತ ಗೊಣಗುತ್ತೇವೆ. ಬಾಣಂತಿ ಕೋಣೆ ತುಂಬಾ ಸಾಂಬ್ರಾಣಿ ಹೊಗೆ ಹಾಕುವ ಅತ್ತೆಯಂದಿರಿಗೂ ಇದೇ ಮಾತು.

ಸೀರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದನ್ನು ಹಾಸಿನ ಮೇಲೆ ಬಿಗಿಯಾಗಿ ಎಳೆದು, ಅಂಚನ್ನು ಕೆಳಗೆ ಸಿಕ್ಕಿಸಿ. ಮುಖದ ಹತ್ತಿರ ಸಡಿಲ ಬಟ್ಟೆ ಇರಕೂಡದು, ಉಸಿರು ಕಟ್ಟುತ್ತದೆ. ಮಗುವನ್ನು ಅಂಗಾತ ಮಲಗಿಸಿ. ವಾಸನೆ ಆರಿ ಮಗು ಮತ್ತೆ ಅಳತೊಡಗಿದರೆ ಇನ್ನೊಂದು ದಿನ ಉಟ್ಟು ಬಿಟ್ಟದ್ದನ್ನು ಹಾಸಿ. ಯಜಮಾನರಿಗೆ ಸೋಪಿನ ಡಬ್ಬ ಎತ್ತಿಟ್ಟು ಬರಲು ಹೇಳಿ, ಮಗುವನ್ನು ಅವರ ಕೈಗೆ ಕೊಡಿ. ಅವರೂ ಒಮ್ಮೆ ಆ ನೆತ್ತಿ ಮೂಸಲಿ.